ನೋಟ್‌ಬುಕ್ಕಿನ ಮಾತೃಕೆ ಟೈಪ್ ಮಾಡಿದ ಮೇಲೆ ಉತ್ತರ ಕೂಡಿಬರದಿದ್ದರೆ: ದೋಷ ನಿವಾರಣೆ ಕೈಪಿಡಿ

ನೋಟ್‌ಬುಕ್ಕಿನ ಫೋಟೋ ನೋಡಿ ಗಣಿತವನ್ನು ಸಾದಾ ಅಕ್ಷರಗಳಲ್ಲಿ ಟೈಪ್ ಮಾಡಬೇಕಾದ ಸಂದರ್ಭಗಳು ಹಲವು. ಕಣ್ಣು ಕಾಣದ ವಿದ್ಯಾರ್ಥಿ ಅದನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳಬೇಕಿರುತ್ತದೆ, ಇಲ್ಲವೇ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟು ತಾಳೆ ನೋಡಬೇಕಿರುತ್ತದೆ, ಅಥವಾ ಬರೀ ಸಂದೇಶದಲ್ಲಿ ಕಳಿಸಬೇಕಿರುತ್ತದೆ. ಮೂರಕ್ಕೂ ತೊಂದರೆ ಒಂದೇ. ಕಾಗದದ ಮೇಲೆ ಅರ್ಥ ನಿಂತಿರುವುದು ಜಾಗದ ಮೇಲೆ: ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಗೆರೆಯ ಒಳಗೆ ಎಂಬುದರ ಮೇಲೆ. ಒಂದೇ ಸಾಲಿಗೆ ಇಳಿಸಿದಾಗ ಆ ಜಾಗ ಮಾಯವಾಗುತ್ತದೆ. ಅದರ ಕೆಲಸವನ್ನೆಲ್ಲ ಆವರಣ, ಕಾಮಾ, ಸೆಮಿಕೋಲನ್‌ಗಳೇ ಮಾಡಬೇಕು.

ಟೈಪ್ ಮಾಡಿದ್ದನ್ನು ಕಣ್ಣಲ್ಲಿ ಎರಡು ಸಲ ಓದಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಸಾಲದು. ಒಮ್ಮೆ 7 ಎಂದು ಓದಿದ ಕಣ್ಣು ಮತ್ತೆ ನೋಡಿದಾಗಲೂ 7 ಎಂದೇ ಓದುತ್ತದೆ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಆ ಪುಟದಲ್ಲೇ ಇರುತ್ತದೆ: ವಿದ್ಯಾರ್ಥಿ ಮುಂದಿನ ಸಾಲುಗಳಲ್ಲಿ ಲೆಕ್ಕ ಹಾಕಿ ಬರೆದ ಉತ್ತರಗಳು. ಟೈಪ್ ಮಾಡಿದ್ದರಿಂದ ಅದೇ ಉತ್ತರ ಬರಬೇಕು. ಬರದಿದ್ದರೆ, ಎಷ್ಟು ತಪ್ಪಿತು ಎಂಬುದೇ ಎಲ್ಲಿ ತಪ್ಪಿತು ಎಂಬುದಕ್ಕೆ ಸುಳಿವು.

ಬರೆಯುವ ರೂಪ

ಅಡ್ಡಸಾಲಿನ ಸಂಖ್ಯೆಗಳ ನಡುವೆ ಕಾಮಾ, ಒಂದು ಅಡ್ಡಸಾಲು ಮುಗಿದ ಕಡೆ ಸೆಮಿಕೋಲನ್, ಇಡೀ ಮಾತೃಕೆಯ ಸುತ್ತ ಚೌಕ ಆವರಣ. ಈ ರೂಪವನ್ನು ಉಚಿತ ತಂತ್ರಾಂಶವಾದ ಆಕ್ಟೇವ್ ಹಾಗೇ ಓದಿಕೊಳ್ಳುತ್ತದೆ, ಕಿವಿಗೂ ಅಡ್ಡಸಾಲುಗಳು ಬೇರೆಬೇರೆಯಾಗಿ ಕೇಳುತ್ತವೆ. ಈ ಬರಹದುದ್ದಕ್ಕೂ ಒಂದೇ ಪುಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದ್ವಿತೀಯ ಪಿಯುಸಿಯ ಮಾಮೂಲಿ ಲೆಕ್ಕ: ಮೂರು ಸಮೀಕರಣಗಳನ್ನು ಮಾತೃಕಾ ವಿಧಾನದಿಂದ ಬಿಡಿಸುವುದು.

```
3x - y + 2z = -1
x + 4y - 2z = 11
2x + y + 5z = -1

A = [3, -1, 2; 1, 4, -2; 2, 1, 5]
B = [-1; 11; -1]
det(A) = 61
x = 1, y = 2, z = -1
```

ಕಾಮಾ ಬಿಟ್ಟು ಬರೀ ಖಾಲಿ ಜಾಗ ಹಾಕಿದರೂ ಆಕ್ಟೇವ್ ಒಪ್ಪುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. `[3 -1 2]` ಎಂದರೆ ಮೂರು ಸಂಖ್ಯೆ. `[3 - 1 2]` ಎಂದು ಋಣ ಚಿಹ್ನೆಯ ಎರಡೂ ಕಡೆ ಜಾಗ ಬಿಟ್ಟರೆ ಅದು ಕಳೆಯುವ ಲೆಕ್ಕವಾಗಿ `[2 2]` ಆಗುತ್ತದೆ. ಕೇಳುವವರಿಗಂತೂ ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಕಾಮಾ ಕಡ್ಡಾಯ ಎಂದಿಟ್ಟುಕೊಳ್ಳುವುದು ಕ್ಷೇಮ. ಋಣ ಚಿಹ್ನೆಗೆ ಕೀಬೋರ್ಡಿನ ಸಾದಾ ಅಡ್ಡಗೆರೆಯನ್ನೇ ಬಳಸಿ. ವರ್ಡ್ ಕಡತದಿಂದಲೋ ವೆಬ್ ಪುಟದಿಂದಲೋ ನಕಲು ಮಾಡಿದ ಉದ್ದ ಗೆರೆ ಕಣ್ಣಿಗೆ ಒಂದೇ ಥರ ಕಂಡರೂ ಬೇರೆ ಅಕ್ಷರವಾಗಿರುತ್ತದೆ, ಆಕ್ಟೇವ್ ಅದನ್ನು ಋಣ ಚಿಹ್ನೆ ಎಂದು ತೆಗೆದುಕೊಳ್ಳುವುದಿಲ್ಲ.

ಫೋಟೋ ವಾಟ್ಸಾಪಿನಲ್ಲಿ ಬರುವುದಾದರೆ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಚಿತ್ರವಾಗಿ ಕಳಿಸಿದಾಗ ಅದು ಕುಗ್ಗುತ್ತದೆ. ಆಗ ಮೊದಲು ಅಳಿಸಿಹೋಗುವುದು ತೆಳುವಾದ ಋಣ ಗೆರೆ, ಸಣ್ಣ ಘಾತಾಂಕ ಮತ್ತು ದಶಮಾಂಶದ ಚುಕ್ಕಿ.

ಲಕ್ಷಣ 1: ಗಾತ್ರವೇ ಹೊಂದುವುದಿಲ್ಲ

ಒಂದು ಅಡ್ಡಸಾಲಿನಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು ಸಂಖ್ಯೆ ಬಂದರೆ ಆಕ್ಟೇವ್ ಅಲ್ಲೇ ದೋಷ ತೋರಿಸಿ ನಿಲ್ಲುತ್ತದೆ. ಇದು ಒಳ್ಳೆಯ ಜಾತಿಯ ತಪ್ಪು, ತಾನಾಗಿ ಸಿಕ್ಕಿಬೀಳುತ್ತದೆ. ಎಲ್ಲ ಅಡ್ಡಸಾಲೂ ಸಮನಾಗಿದ್ದು ಒಟ್ಟು ಗಾತ್ರ ಮಾತ್ರ ತಪ್ಪಿರುವುದೂ ಉಂಟು. ಫೋಟೋದಿಂದ ಅಕ್ಷರ ಎತ್ತುವ ಮೊಬೈಲ್ ಆ್ಯಪ್ ಬಳಸಿದಾಗ ಅದು ಹೆಚ್ಚು. ನಿರ್ಧಾರಕದ ಎರಡು ಲಂಬ ಗೆರೆಗಳನ್ನು ಅದು 1 ಎಂದು ಓದುತ್ತದೆ. ಆಗ 3 × 3 ನಿರ್ಧಾರಕ ಎರಡು ಬದಿಯಲ್ಲೂ 1ರ ಕಂಬಸಾಲು ಅಂಟಿಸಿಕೊಂಡು 3 × 5 ಆಗಿಬಿಡುತ್ತದೆ. ಮೊದಲ ಮತ್ತು ಕೊನೆಯ ಕಂಬಸಾಲು ಪೂರ್ತಿ 1 ಆಗಿದ್ದರೆ ಅನುಮಾನ ಪಡಲೇಬೇಕು. `|A|` ಎಂಬುದು `1A1` ಆಗುವುದೂ ಇದೇ ಕಾರಣಕ್ಕೆ.

ಇನ್ನೊಂದು ಕಾರಣ ಪಕ್ಕಪಕ್ಕದ ಮಾತೃಕೆಗಳು. ನೋಟ್‌ಬುಕ್ಕಿನಲ್ಲಿ A, X, B ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಯಂತ್ರ ಎಡದಿಂದ ಬಲಕ್ಕೆ ನೇರ ಓದಿಕೊಂಡು ಹೋಗಿ `3, -1, 2, x, -1` ಎಂದು ಮೂರನ್ನೂ ಕಲಸಿ ಕೊಡುತ್ತದೆ. ಹೀಗಾದಾಗ ಬಂದ ಪಠ್ಯವನ್ನು ತಿದ್ದುತ್ತ ಕೂರಬೇಡಿ. ಫೋಟೋವನ್ನು ಒಂದೊಂದು ಮಾತೃಕೆಗೆ ಕತ್ತರಿಸಿ ಮತ್ತೆ ಓದಿಸುವುದೇ ಬೇಗ ಮುಗಿಯುವ ಕೆಲಸ.

ಲಕ್ಷಣ 2: ನಿರ್ಧಾರಕದ ಬೆಲೆ ಬೇರೆ ಬರುತ್ತದೆ

ಕೈಪಿಡಿಯ ಮುಖ್ಯ ಭಾಗ ಇದು. ಟೈಪ್ ಮಾಡಿದವರು ಮೊದಲ ಅಡ್ಡಸಾಲಿನ ಋಣ ಚಿಹ್ನೆಯನ್ನು ಬಿಟ್ಟರು ಎಂದುಕೊಳ್ಳಿ. ಗೆರೆ ಹಾಕಿದ ಪುಟದಲ್ಲಿ ಇದು ತೀರ ಸಾಮಾನ್ಯ. ವಿದ್ಯಾರ್ಥಿ ಎಳೆದ ಋಣ ಗೆರೆ ಪುಟದ ನೀಲಿ ಗೆರೆಯ ಮೇಲೇ ಕೂತರೆ ಫೋಟೋದಲ್ಲಿ ಎರಡೂ ಒಂದಾಗಿ ಕಾಣುತ್ತವೆ. ಇದರ ತಿರುಗುಮುರುಗೂ ಆಗುತ್ತದೆ: ಪುಟದ ಗೆರೆಯನ್ನೇ ಋಣ ಚಿಹ್ನೆ ಎಂದು ಓದುವುದು. ಸರಿ, ಈಗ ಕೈಯಲ್ಲಿರುವುದು ಇದು:

```
T = [3, 1, 2; 1, 4, -2; 2, 1, 5]
det(T) = 43
```

ನೋಟ್‌ಬುಕ್ಕಿನಲ್ಲಿ 61 ಇದೆ. ವ್ಯತ್ಯಾಸ 43 - 61 = -18. ಒಂಬತ್ತು ಮನೆಗಳಲ್ಲಿ ಯಾವುದು ತಪ್ಪು?

ನಿರ್ಧಾರಕವನ್ನು ಯಾವ ಅಡ್ಡಸಾಲಿನಿಂದ ಬೇಕಾದರೂ ಬಿಡಿಸಬಹುದು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಪ್ರತಿ ಸಂಖ್ಯೆಯನ್ನೂ ಅದರ ಕೋಫ್ಯಾಕ್ಟರಿನಿಂದ ಗುಣಿಸಿ ಕೂಡುತ್ತೇವೆ. ಹಾಗಾಗಿ ಒಂದೇ ಒಂದು ಮನೆಯ ಸಂಖ್ಯೆ ತಪ್ಪಿದ್ದರೆ, ನಿರ್ಧಾರಕದಲ್ಲಿ ಆಗುವ ವ್ಯತ್ಯಾಸ ಆ ಸಂಖ್ಯೆ ಎಷ್ಟು ತಪ್ಪಿದೆಯೋ ಅಷ್ಟನ್ನು ಅದರ ಕೋಫ್ಯಾಕ್ಟರಿನಿಂದ ಗುಣಿಸಿದಷ್ಟು, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಇಲ್ಲೊಂದು ಅನುಕೂಲವೂ ಇದೆ. ಒಂದು ಮನೆಯ ಕೋಫ್ಯಾಕ್ಟರನ್ನು ಕಂಡುಹಿಡಿಯುವಾಗ ಆ ಮನೆಯ ಅಡ್ಡಸಾಲು, ಕಂಬಸಾಲು ಎರಡನ್ನೂ ಅಳಿಸುತ್ತೇವೆ. ಎಂದರೆ ತಪ್ಪು ಸಂಖ್ಯೆ ಅದರ ಲೆಕ್ಕದೊಳಗೆ ಬರುವುದೇ ಇಲ್ಲ. ತಪ್ಪು ಮಾತೃಕೆಯಿಂದ ಲೆಕ್ಕ ಹಾಕಿದರೂ ಆ ಮನೆಯ ಕೋಫ್ಯಾಕ್ಟರ್ ಸರಿಯಾಗೇ ಬರುತ್ತದೆ.

ಆದ್ದರಿಂದ ಮಾಡಬೇಕಾದ್ದು ಇಷ್ಟೇ: T ಮಾತೃಕೆಯ ಒಂಬತ್ತೂ ಕೋಫ್ಯಾಕ್ಟರ್ ಬರೆದುಕೊಂಡು, -18 ಅನ್ನು ಒಂದೊಂದರಿಂದ ಭಾಗಿಸಿ. ಭಾಗಲಬ್ಧ ಪೂರ್ಣಾಂಕವಾಗಿ ಬಂದ ಮನೆಗಳು ಮಾತ್ರ ಶಂಕಿತರು. ಮೂಲ ಲೆಕ್ಕದಲ್ಲಿ ಭಿನ್ನರಾಶಿ ಇಲ್ಲದಿದ್ದರೆ ಉಳಿದವುಗಳನ್ನು ಬಿಟ್ಟುಬಿಡಬಹುದು. ಆಕ್ಟೇವ್ ಇದ್ದರೆ ನಾಲ್ಕು ಸಾಲು ಸಾಕು:

```
T = [3, 1, 2; 1, 4, -2; 2, 1, 5];
D = det(T) - 61;
C = det(T) * inv(T)';
D ./ C
```

ಮೂರನೇ ಸಾಲು ಕೋಫ್ಯಾಕ್ಟರುಗಳ ಮಾತೃಕೆಯನ್ನು ಕೊಡುತ್ತದೆ. ಕೊನೆಯಲ್ಲಿರುವ ಒಂಟಿ ಉದ್ಧರಣ ಚಿಹ್ನೆ ಅಡ್ಡಸಾಲು-ಕಂಬಸಾಲುಗಳನ್ನು ಅದಲುಬದಲು ಮಾಡಲಿಕ್ಕೆ. ಅದನ್ನು ಮರೆತರೆ ಸಿಗುವುದು ಅಡ್ಜಾಯಿಂಟ್, ಆಗ ಶಂಕಿತ ಮನೆಯ ವಿಳಾಸ ಉಲ್ಟಾ ಆಗುತ್ತದೆ. ಬರುವ ಉತ್ತರ ಹೀಗಿರುತ್ತದೆ:

```
-0.8182    2.0000    2.5714
 6.0000   -1.6364   18.0000
 1.8000   -2.2500   -1.6364
```

ಪೂರ್ಣಾಂಕ ಬಂದಿರುವುದು ಮೂರು ಕಡೆ ಮಾತ್ರ. ಮೊದಲ ಅಡ್ಡಸಾಲಿನ ಎರಡನೇ ಮನೆಯಲ್ಲಿ 2: ಅಲ್ಲಿ ಟೈಪ್ ಮಾಡಿದ 1 ನಿಜವಾದದ್ದಕ್ಕಿಂತ 2 ಹೆಚ್ಚು, ಎಂದರೆ ಅಲ್ಲಿ -1 ಇರಬೇಕಿತ್ತು. ಎರಡನೇ ಅಡ್ಡಸಾಲಿನ ಮೊದಲ ಮನೆಯಲ್ಲಿ 6: ಅಲ್ಲಿ 1ರ ಬದಲು -5 ಇರಬೇಕಿತ್ತು. ಅದೇ ಅಡ್ಡಸಾಲಿನ ಮೂರನೇ ಮನೆಯಲ್ಲಿ 18: ಅಲ್ಲಿ -2ರ ಬದಲು -20. ಈಗ ಫೋಟೋವನ್ನು ದೊಡ್ಡದು ಮಾಡಿ ಈ ಮೂರು ಮನೆಗಳನ್ನು ಮಾತ್ರ ನೋಡಿ. -5 ಅನ್ನು ಯಾರೂ 1 ಎಂದು ಓದುವುದಿಲ್ಲ. -20ರ ಸೊನ್ನೆ ಕಾಣೆಯಾಗುವುದು ಸಾಧ್ಯವಿದ್ದರೂ ಅಪರೂಪ. -1ರ ಗೆರೆ ಬಿಟ್ಟುಹೋಗುವುದು ದಿನನಿತ್ಯದ ಮಾತು. ಮೊದಲು ಅಲ್ಲೇ ನೋಡಬೇಕು.

ಋಣ ಚಿಹ್ನೆ ಬಿಟ್ಟುಹೋದಾಗ ಒಂದು ಗುರುತು ಸಿಗುತ್ತದೆ: ಭಾಗಲಬ್ಧ ಟೈಪ್ ಮಾಡಿದ ಸಂಖ್ಯೆಯ ಸರಿಯಾಗಿ ಎರಡರಷ್ಟಿರುತ್ತದೆ. ಇಲ್ಲಿ ಸಂಖ್ಯೆ 1, ಭಾಗಲಬ್ಧ 2. ಅಂಕಿಗಳ ಗೊಂದಲಕ್ಕೂ ಹೀಗೇ ಗುರುತುಗಳಿವೆ. 1 ಮತ್ತು 7 ಅದಲುಬದಲಾದರೆ 6 ಅಥವಾ -6 ಬರುತ್ತದೆ, 4 ಮತ್ತು 9 ಆದರೆ 5 ಅಥವಾ -5, 0 ಮತ್ತು 6 ಆದರೆ ಮತ್ತೆ 6 ಅಥವಾ -6. ಮೂರನೇ ಅಡ್ಡಸಾಲಿನ ನಡುವಿನ 1 ಅನ್ನು 7 ಎಂದು ಓದಿದ್ದರೆ ನಿರ್ಧಾರಕ 109 ಆಗುತ್ತಿತ್ತು. ವ್ಯತ್ಯಾಸ 48, ಆ ಮನೆಯ ಕೋಫ್ಯಾಕ್ಟರ್ 8, ಭಾಗಲಬ್ಧ 6.

ಈ ಉಪಾಯಕ್ಕೆ ಮಿತಿಗಳಿವೆ. ಎರಡು ಮನೆ ತಪ್ಪಿದ್ದರೆ ಇದು ದಾರಿ ತಪ್ಪಿಸುತ್ತದೆ: ಶಂಕಿತ ಮನೆಗಳೆಲ್ಲ ಫೋಟೋದಲ್ಲಿ ಸರಿಯಾಗೇ ಕಾಣುತ್ತವೆ. ಆ ಲಕ್ಷಣ ಕಂಡರೆ ಒಂದಕ್ಕಿಂತ ಹೆಚ್ಚು ತಪ್ಪಿದೆ ಎಂದು ತಿಳಿದು ಇಡೀ ಮಾತೃಕೆಯನ್ನು ಹೊಸದಾಗಿ ಟೈಪ್ ಮಾಡಿ. ಕೋಫ್ಯಾಕ್ಟರ್ ಸೊನ್ನೆಯಾಗಿರುವ ಮನೆಯಲ್ಲಿ ತಪ್ಪಿದ್ದರೆ ನಿರ್ಧಾರಕ ಅಲುಗುವುದೇ ಇಲ್ಲ, ಹಾಗಾಗಿ ಅದು ಇಲ್ಲಿ ಸಿಕ್ಕುವುದಿಲ್ಲ. ಟೈಪ್ ಮಾಡಿದ ಮಾತೃಕೆಯ ನಿರ್ಧಾರಕವೇ ಸೊನ್ನೆ ಬಂದರೆ ಮೇಲಿನ ಮೂರನೇ ಸಾಲು ಕೆಲಸ ಮಾಡುವುದಿಲ್ಲ, ವಿಲೋಮವೇ ಇರುವುದಿಲ್ಲವಲ್ಲ. ಆಗ ಕೋಫ್ಯಾಕ್ಟರುಗಳನ್ನು ಕೈಯಲ್ಲಿ ಬರೆಯಬೇಕು.

ಬೆಲೆ ಸರಿಯಾಗಿ -61 ಬಂದರೆ ಯಾವ ಮನೆಯನ್ನೂ ಹುಡುಕಬೇಡಿ. ಚಿಹ್ನೆ ಮಾತ್ರ ತಿರುಗಿದೆ ಎಂದರೆ ಬಹುಪಾಲು ಎರಡು ಅಡ್ಡಸಾಲುಗಳು ಸ್ಥಾನ ಬದಲಿಸಿವೆ. ಓರೆಯಾಗಿ ತೆಗೆದ ಫೋಟೋದಲ್ಲಿ ಸಾಲು ಹಿಡಿದು ಓದುವಾಗ ಇದು ಆಗುತ್ತದೆ.

ಲಕ್ಷಣ 3: ನಿರ್ಧಾರಕ ಸರಿ, ಮುಂದಿನದೆಲ್ಲ ತಪ್ಪು

ಮೋಸ ಮಾಡುವ ದೋಷ ಇದು. ಅಡ್ಡಸಾಲನ್ನು ಕಂಬಸಾಲಾಗಿ ಟೈಪ್ ಮಾಡಿದರೂ ನಿರ್ಧಾರಕ 61 ಆಗೇ ಇರುತ್ತದೆ, ಏಕೆಂದರೆ ಅದಲುಬದಲು ಮಾಡಿದ ಮಾತೃಕೆಗೂ ಮೂಲ ಮಾತೃಕೆಗೂ ನಿರ್ಧಾರಕ ಒಂದೇ. ಒಬ್ಬರು ಹೇಳುತ್ತ ಇನ್ನೊಬ್ಬರು ಟೈಪ್ ಮಾಡುವಾಗ, ಹೇಳುವವರು ಮೇಲಿನಿಂದ ಕೆಳಕ್ಕೆ ಓದಿದರೆ ಹೀಗಾಗುತ್ತದೆ. ಅಡ್ಜಾಯಿಂಟ್ ಇರುವ ಪುಟದಲ್ಲಿ ಇನ್ನೂ ಹೆಚ್ಚು: ಕೋಫ್ಯಾಕ್ಟರುಗಳ ಮಾತೃಕೆ ಮತ್ತು ಅಡ್ಜಾಯಿಂಟ್ ಒಂದರ ಕೆಳಗೊಂದು ಇರುತ್ತವೆ, ಎರಡರಲ್ಲೂ ಅವೇ ಒಂಬತ್ತು ಸಂಖ್ಯೆ, ಜಾಗ ಮಾತ್ರ ಬೇರೆ.

ಇದನ್ನು ಹಿಡಿಯಲು ನಿರ್ಧಾರಕ ಸಾಲದು, ಗುಣಾಕಾರ ಬೇಕು. ನೋಟ್‌ಬುಕ್ಕಿನ ಕೊನೆಯ ಉತ್ತರವನ್ನು ಕಂಬಸಾಲಾಗಿ ಬರೆದು A ಇಂದ ಗುಣಿಸಿ. `A * [1; 2; -1]` ಎಂದರೆ `[-1; 11; -1]` ಬರಬೇಕು, ಅದೇ B. ತಿರುವಿ ಟೈಪ್ ಮಾಡಿದ್ದರೆ `[3; 6; -7]` ಬರುತ್ತದೆ. ಕೊನೆಯ ಉತ್ತರ ಫೋಟೋದಲ್ಲಿ ಇಲ್ಲದಿದ್ದರೆ ಅಡ್ಜಾಯಿಂಟ್ ಬಳಸಿ. ಈ ಪುಟದ ಅಡ್ಜಾಯಿಂಟ್ `[22, 7, -6; -9, 11, 8; -7, -5, 13]`. A ಮತ್ತು ಅದರ ಗುಣಲಬ್ಧ ಕರ್ಣದಲ್ಲಿ 61, ಉಳಿದೆಡೆ 0 ಇರುವ ಮಾತೃಕೆಯಾಗಬೇಕು. ಕರ್ಣದ ಹೊರಗೆ ಸೊನ್ನೆಯಲ್ಲದ್ದು ಬಂದರೆ ಎರಡರಲ್ಲಿ ಒಂದು ತಿರುವಿದೆ ಅಥವಾ ಒಂದು ಮನೆ ತಪ್ಪಿದೆ. ಇಲ್ಲಿ ಕರ್ಣದ ಹೊರಗಿನ ಸೊನ್ನೆಗಳೇ ಹೆಚ್ಚು ಮಾತಾಡುತ್ತವೆ, 61ಗಳಲ್ಲ.

ಆವರಣ ತಪ್ಪಿದಾಗ

ಚೌಕ ಆವರಣ ಮತ್ತು ಲಂಬ ಗೆರೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಅವಸರದಲ್ಲಿ ಒಂದೇ ಥರ ಎಳೆದಿರುತ್ತಾರೆ. ಮೂಲೆಯ ಪುಟ್ಟ ಕೊಕ್ಕೆ ಫೋಟೋದಲ್ಲಿ ಕಾಣದೆ ಹೋದರೆ ಮಾತೃಕೆ ನಿರ್ಧಾರಕವಾಗುತ್ತದೆ. ಸಂಖ್ಯೆಗಳು ಒಂದೇ ಆದರೂ ನಿಯಮ ಬೇರೆ. ಮಾತೃಕೆಯನ್ನು 2 ಇಂದ ಗುಣಿಸಿದರೆ ಒಂಬತ್ತೂ ಮನೆ ಎರಡರಷ್ಟಾಗುತ್ತವೆ. ನಿರ್ಧಾರಕವನ್ನು 2 ಇಂದ ಗುಣಿಸಿದರೆ ಒಂದು ಅಡ್ಡಸಾಲು ಅಥವಾ ಒಂದು ಕಂಬಸಾಲು ಮಾತ್ರ. ಆದ್ದರಿಂದ ನಮ್ಮ A ಗೆ `det(2*A)` ಎಂದರೆ 8 × 61 = 488, `2*det(A)` ಎಂದರೆ 122. ಪುಟದಲ್ಲಿ ಮುಂದಿನ ಸಾಲಿನ ಸಂಖ್ಯೆ 488 ಇದೆಯೋ 122 ಇದೆಯೋ ನೋಡಿದರೆ ಗೆರೆ 2ರ ಹೊರಗಿತ್ತೋ ಒಳಗಿತ್ತೋ ಗೊತ್ತಾಗುತ್ತದೆ.

ಟೈಪ್ ಮಾಡುವಾಗ ಲಂಬ ಗೆರೆಯನ್ನು ಬಳಸದೆ `det( )` ಎಂದು ಬರೆಯುವುದೇ ಲೇಸು. ಲಂಬ ಗೆರೆಗೆ ತೆರೆಯುವುದು, ಮುಚ್ಚುವುದು ಎಂಬ ಭೇದವಿಲ್ಲ. `|A|B||` ಎಂದಾಗ ಯಾವುದು ಯಾವುದರ ಜೋಡಿ ಎಂದು ಯಾರೂ ಹೇಳಲಾರರು. ಆಕ್ಟೇವ್‌ಗೆ ಆ ಗೆರೆಯ ಅರ್ಥ "ಅಥವಾ". ನಿರ್ಧಾರಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ವಿಲೋಮದ ಸಾಲಿನಲ್ಲಿ ಮತ್ತೊಂದು ಗುಂಡಿ ಇದೆ. ನೋಟ್‌ಬುಕ್ಕಿನಲ್ಲಿ 1ರ ಕೆಳಗೆ 61, ಪಕ್ಕದಲ್ಲಿ ಮಾತೃಕೆ. ಅದನ್ನು `1/61[22, ...]` ಎಂದು ಬರೆದರೆ ಮಾತೃಕೆ ಛೇದದಲ್ಲಿದೆಯೋ ಹೊರಗಿದೆಯೋ ಅನುಮಾನ. `(1/61) * [22, 7, -6; ...]` ಎಂದರೆ ಅನುಮಾನವಿಲ್ಲ. ಛೇದ ಅಥವಾ ಅಂಶದಲ್ಲಿ ಒಂದಕ್ಕಿಂತ ಹೆಚ್ಚು ಪದವಿದ್ದರೆ ಎರಡಕ್ಕೂ ಆವರಣ ಹಾಕಿ.

ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರಿಗೆ ಆವರಣವೇ ಕೇಳಿಸದಿರುವುದೂ ಉಂಟು. ಪಠ್ಯ ಸರಿಯಿರುತ್ತದೆ, ವಿರಾಮ ಚಿಹ್ನೆಗಳನ್ನು ಓದುವ ಮಟ್ಟ ಕಡಿಮೆ ಇರುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ `NVDA+P` ಒತ್ತಿದರೆ ಆ ಮಟ್ಟ ಬದಲಾಗುತ್ತದೆ. ಗಣಿತ ಓದುವಾಗ ಎಲ್ಲ ಚಿಹ್ನೆಗಳನ್ನೂ ಓದುವ ಮಟ್ಟದಲ್ಲಿಡಬೇಕು. ಇದನ್ನು ನೋಡದೆ ಟೈಪ್ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಸಂದೇಶದ ಆ್ಯಪ್‌ಗಳಲ್ಲಿ ಇದರ ಅಣ್ಣನಂಥ ತೊಂದರೆ ಒಂದಿದೆ. ಎರಡು ನಕ್ಷತ್ರ ಚಿಹ್ನೆಗಳ ನಡುವಿನದನ್ನು ಕೆಲವು ಆ್ಯಪ್‌ಗಳು ದಪ್ಪ ಅಕ್ಷರ ಮಾಡಿ ನಕ್ಷತ್ರಗಳನ್ನು ನುಂಗುತ್ತವೆ, ಗುಣಾಕಾರ ಮಾಯ. ಲೆಕ್ಕವನ್ನು ಸಾದಾ ಪಠ್ಯ ಕಡತವಾಗಿ ಕಳಿಸಿದರೆ ಈ ಕಾಟವಿಲ್ಲ.

ಸಿಗ್ಮಾ ಎಲ್ಲಿಗೆ ಮುಗಿಯುತ್ತದೆ?

ಸಂಕಲನ ಚಿಹ್ನೆಯನ್ನು ಟೈಪ್ ಮಾಡುವಾಗ ಬಿಟ್ಟುಹೋಗುವುದು ಚಿಹ್ನೆಯಲ್ಲ, ಅದರ ವ್ಯಾಪ್ತಿ. ಬರೆಯುವ ರೂಪ ಹೀಗಿರಲಿ: `sum(k = 1 to n, (k^2 + 1))`. ಮೊದಲು ಯಾವ ಅಕ್ಷರ, ಎಲ್ಲಿಂದ ಎಲ್ಲಿಗೆ, ಕಾಮಾ, ಆಮೇಲೆ ಕೂಡಬೇಕಾದ್ದು ಪೂರ್ತಿ ಆವರಣದೊಳಗೆ. ಇದು ಮನುಷ್ಯರು ಓದಲು ಮಾಡಿಕೊಂಡ ರೂಪ, ಆಕ್ಟೇವ್‌ಗೆ ಇದು ನೇರವಾಗಿ ತಿಳಿಯುವುದಿಲ್ಲ.

ವಿದ್ಯಾರ್ಥಿ ಸಿಗ್ಮಾ ಬರೆದು, ಪಕ್ಕದಲ್ಲಿ k ವರ್ಗ ಅಧಿಕ 1 ಎಂದು ಆವರಣವಿಲ್ಲದೆ ಬರೆದಿದ್ದಾರೆ ಎಂದುಕೊಳ್ಳಿ. 1 ಸಿಗ್ಮಾದ ಒಳಗಿದೆಯೇ, ಹೊರಗಿದೆಯೇ? ಫೋಟೋವನ್ನು ಎಷ್ಟು ದೊಡ್ಡದು ಮಾಡಿದರೂ ಉತ್ತರ ಸಿಕ್ಕುವುದಿಲ್ಲ, ಇದು ಕಣ್ಣಿನ ಪ್ರಶ್ನೆಯಲ್ಲ. ಕೆಳಗಿನ ಸಾಲನ್ನು ನೋಡಬೇಕು. ಅಲ್ಲಿ `n(n+1)(2n+1)/6 + n` ಎಂದಿದ್ದರೆ 1 ಒಳಗಿತ್ತು, n ಸಲ ಕೂಡಿ n ಆಯಿತು. `+ 1` ಎಂದೇ ಉಳಿದಿದ್ದರೆ ಹೊರಗಿತ್ತು. ಕೊನೆಯ ಸಂಖ್ಯೆ ಮಾತ್ರ ಇದ್ದರೆ ಎರಡನ್ನೂ ಲೆಕ್ಕ ಹಾಕಿ ತಾಳೆ ನೋಡಿ:

```
k = 1:4;
sum(k.^2 + 1)    % 34
sum(k.^2) + 1    % 31
sum(k)^2         % 100
```

ಮೂರನೆಯದು ಬೇರೆಯದೇ ತಪ್ಪು: ವರ್ಗಗಳ ಮೊತ್ತವನ್ನು ಮೊತ್ತದ ವರ್ಗ ಮಾಡಿದ್ದು. ವರ್ಗಗಳ ಮೊತ್ತ 30, ಮೊತ್ತದ ವರ್ಗ 100.

ಪರೀಕ್ಷೆಗೆ n = 1 ಬೇಡ. ಸುಲಭ ಎಂದು ಅದನ್ನೇ ಹಾಕಿ ನೋಡುವವರು ಬಹಳ. n = 1 ಆದಾಗ ಒಂದೇ ಪದ ಇರುವುದರಿಂದ 1 ಒಳಗಿದ್ದರೂ 2, ಹೊರಗಿದ್ದರೂ 2; ವರ್ಗಗಳ ಮೊತ್ತವೂ 1, ಮೊತ್ತದ ವರ್ಗವೂ 1. ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. n = 2 ಹಾಕಿದರೆ ಒಳಗಿದ್ದಾಗ 7, ಹೊರಗಿದ್ದಾಗ 6 ಎಂದು ಬೇರೆಯಾಗುತ್ತದೆ.

ಸಿಗ್ಮಾದ ಮೇಲಿನ, ಕೆಳಗಿನ ಮಿತಿಗಳ ತಪ್ಪು ಇದಕ್ಕಿಂತ ಸುಲಭ. k = 0 ಮತ್ತು k = 1 ನಡುವಿನ ಗೊಂದಲವಾದರೆ ವ್ಯತ್ಯಾಸ ಸರಿಯಾಗಿ ಸೊನ್ನೆಯ ಪದದಷ್ಟಿರುತ್ತದೆ: ಇಲ್ಲಿ 1 ಒಳಗಿದ್ದಾಗ 34ರ ಬದಲು 35. ಮೇಲಿನ ಮಿತಿ n ಅಥವಾ n-1 ಎಂಬುದು ತಪ್ಪಿದ್ದರೆ ಕೊನೆಯ ಪದದಷ್ಟು ವ್ಯತ್ಯಾಸ ಬರುತ್ತದೆ: 34ರ ಬದಲು 17, ಕೊನೆಯ ಪದ 17. ಅಕ್ಷರದ ಬುಡದಲ್ಲಿ ಸಣ್ಣದಾಗಿ ಬರೆದ ಸೂಚಕವನ್ನು ಯಾವಾಗಲೂ ದುಂಡು ಆವರಣದಲ್ಲಿ ಹಾಕಿ. `a(k+1)` ಎಂದರೆ ಮುಂದಿನ ಪದ, `a(k) + 1` ಎಂದರೆ ಈ ಪದಕ್ಕೆ ಒಂದು ಕೂಡಿದ್ದು. ಕೈಬರಹದಲ್ಲಿ ಇವೆರಡರ ನಡುವೆ ಇರುವುದು ಕೂದಲೆಳೆಯಷ್ಟು ಎತ್ತರದ ವ್ಯತ್ಯಾಸ.

ಮಾನಕ ವಿಚಲನೆಯ ಪುಟ

ಸಿಗ್ಮಾ ಹೆಚ್ಚು ಕಾಡುವುದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ. ಅಲ್ಲಿ ಮಿತಿಗಳನ್ನೇ ಬರೆಯುವುದಿಲ್ಲ, ಒಂದೇ ಸೂತ್ರದಲ್ಲಿ ಎರಡು ಥರದ ವರ್ಗ ಬರುತ್ತದೆ, ಮೇಲಾಗಿ ಉತ್ತರದ ಚಿಹ್ನೆಯೂ ಸಿಗ್ಮಾ, ಆದರೆ ಚಿಕ್ಕದು. ದೊಡ್ಡದಕ್ಕೆ `sum`, ಚಿಕ್ಕದಕ್ಕೆ `sd` ಎಂದು ಬರೆದರೆ ಆ ಗೊಂದಲ ಅಲ್ಲಿಗೆ ಮುಗಿಯಿತು. ಸೂತ್ರ ಹೀಗೆ:

```
sd = (1/N) * sqrt( N*sum(f*x^2) - (sum(f*x))^2 )
```

x ಬೆಲೆಗಳು 2, 4, 6. ಆವೃತ್ತಿಗಳು 1, 2, 1 ಎಂದಿಟ್ಟುಕೊಳ್ಳೋಣ. N = 4, f*x ಮೊತ್ತ 16, f*x^2 ಮೊತ್ತ 72. ಮೂಲದೊಳಗೆ 288 - 256 = 32, ಅದನ್ನು 16 ಇಂದ ಭಾಗಿಸಿದರೆ ಮಾನಕ ವಿಚಲನೆಯ ವರ್ಗ 2.

ವರ್ಗದ ಚಿಹ್ನೆಯನ್ನು x ಮೇಲಿಂದ ಎತ್ತಿ ಇಡೀ f*x ಮೇಲೆ ಹಾಕಿದರೆ 72ರ ಜಾಗದಲ್ಲಿ 104 ಬಂದು ಮಾನಕ ವಿಚಲನೆಯ ವರ್ಗ 10 ಆಗುತ್ತದೆ. ಎರಡನೇ ಪದದ ಹೊರ ಆವರಣ ಬಿಟ್ಟುಹೋಗಿ ವರ್ಗ x ಮೇಲೆ ಕೂತರೆ 288 - 72 = 216, ಆ ವರ್ಗ 13.5. ಮೊದಲ N ಬಿಟ್ಟುಹೋದರೆ 72 - 256, ಮೂಲದೊಳಗೆ ಋಣ ಸಂಖ್ಯೆ. ಅದು ಕೂಡಲೇ ಗೊತ್ತಾಗುತ್ತದೆ. ಹಿಂದಿನ ಎರಡು ಹಾಗಲ್ಲ, ನೋಡಲು ಒಳ್ಳೆಯ ಉತ್ತರಗಳೇ. ಅವನ್ನು ಹಿಡಿಯಲು ಒಂದು ಮೇಲ್ಮಿತಿ ಇದೆ: ಮಾನಕ ವಿಚಲನೆ ಎಂದೂ ವ್ಯಾಪ್ತಿಯ ಅರ್ಧಕ್ಕಿಂತ ಹೆಚ್ಚಾಗದು. ಇಲ್ಲಿ ವ್ಯಾಪ್ತಿ 6 - 2 = 4, ಅರ್ಧ 2, ಅದರ ವರ್ಗ 4. ಹಾಗಾಗಿ 10 ಮತ್ತು 13.5 ಎರಡೂ ಅಸಾಧ್ಯ, ಮೂಲ ಪುಟ ನೋಡದೆಯೇ ಹೇಳಬಹುದು.

ತಪ್ಪು ಪುಟದಲ್ಲೇ ಇದ್ದರೆ

ಶಂಕಿತ ಮನೆಗಳೆಲ್ಲ ಫೋಟೋದಲ್ಲಿ ಸ್ಪಷ್ಟವಾಗಿ ಸರಿಯಿದ್ದು, ಹೊಸದಾಗಿ ಟೈಪ್ ಮಾಡಿದರೂ ನೋಟ್‌ಬುಕ್ಕಿನ ಬೆಲೆ ಬರದಿದ್ದರೆ ವಿದ್ಯಾರ್ಥಿಯ ಲೆಕ್ಕವನ್ನೇ ಸಾಲು ಸಾಲಾಗಿ ನೋಡಿ. ನಮ್ಮ ಪುಟದಲ್ಲಿ ನಡುವಿನ ಸಾಲು `3*(20 + 2) + 1*(5 + 4) + 2*(1 - 8)` ಎಂದಿರಬೇಕು. ಅಲ್ಲಿ `- 1*(5 + 4)` ಎಂದಿದ್ದರೆ ಕೊನೆಗೆ 43 ಬರುತ್ತದೆ. ಋಣ ಚಿಹ್ನೆ ಬಿಟ್ಟು ಟೈಪ್ ಮಾಡಿದಾಗ ಬರುವ ಸಂಖ್ಯೆಯೂ ಅದೇ! ಆದ್ದರಿಂದ ಟೈಪ್ ಮಾಡಿದ್ದೂ ನೋಟ್‌ಬುಕ್ಕೂ 43 ಎಂದು ಒಪ್ಪಿದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಪ್ರಶ್ನೆಯಲ್ಲಿ ಕೊಟ್ಟ ಸಮೀಕರಣದಲ್ಲಿ `- y` ಇದೆಯೋ `+ y` ಇದೆಯೋ ಎಂಬುದೇ ಕೊನೆಯ ಸಾಕ್ಷಿ.

ವಿದ್ಯಾರ್ಥಿಯ ತಪ್ಪನ್ನು ಟೈಪ್ ಮಾಡುವವರು ಸದ್ದಿಲ್ಲದೆ ತಿದ್ದಬಾರದು. ಪುಟದಲ್ಲಿದ್ದಂತೆ ಬರೆದು, ಮುಂದಿನ ಸಾಲಿನಲ್ಲಿ ಬೇರೆಯಾಗಿ ಟಿಪ್ಪಣಿ ಹಾಕಿ. ಓದಲಾಗದ ಮನೆಗೂ ಹೀಗೇ: ಮಾತೃಕೆಯೊಳಗೆ ಪ್ರಶ್ನಾರ್ಥಕ ಚಿಹ್ನೆ ತುರುಕಿದರೆ ಅದು ಲೆಕ್ಕದ ಭಾಗ ಎನಿಸುತ್ತದೆ. ಆ ಮನೆಗೆ `p` ಎಂಬಂಥ, ಪುಟದಲ್ಲಿ ಬೇರೆಲ್ಲೂ ಇಲ್ಲದ ಅಕ್ಷರ ಕೊಟ್ಟು, ಕೆಳಗೆ "p: ಎರಡನೇ ಅಡ್ಡಸಾಲು, ಮೂರನೇ ಕಂಬಸಾಲು, 1 ಅಥವಾ 7, ಫೋಟೋದಲ್ಲಿ ನೆರಳು ಬಿದ್ದಿದೆ" ಎಂದು ಬರೆದರೆ ಓದುವವರಿಗೆ ಅನುಮಾನ ಎಲ್ಲಿದೆ, ಎಷ್ಟಿದೆ ಎರಡೂ ತಿಳಿಯುತ್ತದೆ. ನಿರ್ಧಾರಕದ ಬೆಲೆ ಪುಟದಲ್ಲಿದ್ದರೆ p ಎಷ್ಟೆಂದು ಅವರೇ ಬಿಡಿಸಿಕೊಳ್ಳಬಹುದು, ಅದರ ಕೋಫ್ಯಾಕ್ಟರ್ ಸೊನ್ನೆಯಾಗಿರದಿದ್ದರೆ.